ಒಂದು ದನ ಕಟ್ಟಿದರೆ ಮನೆ ನಡೆಯುತ್ತದೆಯೇ?

ಪ್ರಶ್ನೆ: ಗಂಡ ತೀರಿಕೊಂಡು ಎರಡು ವರ್ಷವಾಯಿತು. ಬದಿಯಡ್ಕದ ಹತ್ತಿರ ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಇದೆ. ಮಕ್ಕಳು ಏಳನೇ ಮತ್ತು ಮೂರನೇ ತರಗತಿಯಲ್ಲಿದ್ದಾರೆ. ಕೈಯಲ್ಲಿ ಎರಡೂವರೆ ಲಕ್ಷ ರೂಪಾಯಿ ಇದೆ. ಮಕ್ಕಳನ್ನು ಬಿಟ್ಟು ದೂರ ಹೋಗುವಂತಿಲ್ಲ. ಹಾಲು ಕೊಡುವ ಒಂದು ಒಳ್ಳೆಯ ದನ ತೆಗೆದುಕೊಂಡರೆ ತಿಂಗಳಿಗೆ ಖರ್ಚಿಗಾಗುವಷ್ಟು ಬಂದೀತೇ?

ಉತ್ತರ: ಹಾಲಿನ ಸೊಸೈಟಿಯಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದ ನನಗೆ ಈ ಪ್ರಶ್ನೆ ಹೊಸದಲ್ಲ. ವಿಧವೆಯರು ಕೇಳಿದ್ದಾರೆ, ಗಂಡನಿಂದ ಬೇರೆಯಾಗಿ ತವರಿಗೆ ಬಂದವರು ಕೇಳಿದ್ದಾರೆ, ಅವರ ಪರವಾಗಿ ಅಣ್ಣಂದಿರೂ ಕೇಳಿದ್ದಾರೆ. ಪ್ರತಿ ಸಲವೂ ಹೇಳುವುದು ಒಂದೇ: ಹುಲ್ಲು ಬೆಳೆಯುವ ಜಾಗವಿಲ್ಲದವರಿಗೆ ಒಂದು ದನ ಆದಾಯವಲ್ಲ. ಆದರೂ "ದನ ಒಂದಿದ್ದರೆ ಸಾಕು, ಸಂಬಳದ ಹಾಗೆ ಹಣ ಬರುತ್ತದೆ" ಎಂಬ ಮಾತು ನಮ್ಮೂರಲ್ಲಿ ಅಳಿಯುವುದೇ ಇಲ್ಲ. ಆದ್ದರಿಂದ ಈ ಸಲ ಲೆಕ್ಕವನ್ನು ಪೂರ್ತಿ ಬಿಡಿಸಿಯೇ ಇಡುತ್ತೇನೆ.

ಆ ಮಾತು ಹುಟ್ಟಿದ್ದು ಸೊಸೈಟಿ ಕೊಡುವ ಮೊದಲ ತಿಂಗಳ ಹಾಲಿನ ಚೀಟಿಯಿಂದ. ಕರು ಹಾಕಿದ ಮೇಲೆ ದಿನಕ್ಕೆ ಹತ್ತು ಲೀಟರ್ ಕೊಡುವ ಮಿಶ್ರತಳಿಯ ದನ, ಲೀಟರಿಗೆ 44 ರೂಪಾಯಿ ಎಂದು ಇಟ್ಟುಕೊಂಡರೆ, ಮೂವತ್ತು ದಿನಕ್ಕೆ 13,200 ರೂಪಾಯಿ ಆಗುತ್ತದೆ. ಅದನ್ನೇ ಹನ್ನೆರಡರಿಂದ ಗುಣಿಸಿ ಜನ ವರ್ಷದ ವರಮಾನವೆನ್ನುತ್ತಾರೆ. ಆದರೆ ಆ ಹತ್ತು ಲೀಟರ್ ಎಂಬುದು ಏರಿನ ತುದಿ. ಎರಡು ಮೂರು ತಿಂಗಳಾದ ಮೇಲೆ ಹಾಲು ಇಳಿಯುತ್ತಲೇ ಹೋಗುತ್ತದೆ. ತುದಿಯ ಹಾಲನ್ನು 200ರಿಂದ ಗುಣಿಸಿದರೆ ಆ ಕರಾವಿನ, ಅಂದರೆ ಕರು ಹಾಕಿದಂದಿನಿಂದ ಬತ್ತುವ ತನಕದ, ಒಟ್ಟು ಹಾಲು ಸುಮಾರಾಗಿ ಸಿಗುತ್ತದೆ ಎಂಬುದು ಹಳೆಯ ಲೆಕ್ಕ. ಹಾಗಾದರೆ ಇಲ್ಲಿ 2,000 ಲೀಟರ್. ಅದರಲ್ಲಿ ಕರುವಿಗೆ 200, ಮನೆಗೆ ದಿನಕ್ಕೆ ಅರ್ಧ ಲೀಟರಿನಂತೆ 150 ಹೋದರೆ ಸೊಸೈಟಿಗೆ ಹೋಗುವುದು 1,650 ಲೀಟರ್, ಅಂದರೆ 72,600 ರೂಪಾಯಿ. ಈ ಹಣ ಒಂದು ವರ್ಷದ್ದಲ್ಲ, ಒಂದು ಕರುವಿನಿಂದ ಇನ್ನೊಂದು ಕರುವಿನ ತನಕದ್ದು, ಮತ್ತು ಆ ಅವಧಿ ಎಲ್ಲವೂ ಸರಿಯಿದ್ದರೂ ಹದಿನಾಲ್ಕು ತಿಂಗಳು.

ಇನ್ನು ಖರ್ಚು. ದನ ಬದುಕಿರಲು ದಿನಕ್ಕೆ ಒಂದೂವರೆ ಕಿಲೋ ಹಿಂಡಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಗಬ್ಬದ ಕೊನೆಯ ಎರಡು ತಿಂಗಳು ಇನ್ನೊಂದು ಕಿಲೋ ಬೇಕಾಗುತ್ತದೆ. ಹದಿನಾಲ್ಕು ತಿಂಗಳಿಗೆ ಒಟ್ಟು 1,500 ಕಿಲೋ. ಕಿಲೋಗೆ 30 ರೂಪಾಯಿಯಂತೆ 45,000. ಬೈಹುಲ್ಲು ಕೊಂಡು ತಂದರೆ ದಿನಕ್ಕೆ ಮೂರು ಕಿಲೋದಂತೆ, ಕಿಲೋಗೆ 10 ರೂಪಾಯಿ ಹಿಡಿದು, 12,750. ಖನಿಜ ಮಿಶ್ರಣ, ಇಂಜೆಕ್ಷನ್, ಡಾಕ್ಟರು ಬಂದು ಹೋದ ಖರ್ಚು 4,000. ಉಳಿಯುವುದು 10,850 ರೂಪಾಯಿ. ಹದಿನಾಲ್ಕರಿಂದ ಭಾಗಿಸಿದರೆ ತಿಂಗಳಿಗೆ 775. ದನಕ್ಕೆ ಕೊಟ್ಟ ಬೆಲೆಯನ್ನು ನಾನು ಇಲ್ಲಿ ಸೇರಿಸಿಯೇ ಇಲ್ಲ. ಹಟ್ಟಿಗೊಬ್ಬರ ಅಡಿಕೆ ತೋಟದವರಿಗೆ ಮಾರಿದರೆ ಇನ್ನಷ್ಟು ಬಂದೀತು, ಅದನ್ನು ಅಲ್ಲಗಳೆಯುವುದಿಲ್ಲ. ನಿಮ್ಮ ಕಡೆಯ ಹಾಲಿನ ದರ, ಹಿಂಡಿಯ ದರ ಬೇರೆಯಿದ್ದರೆ ಅದನ್ನೇ ಹಾಕಿ ನೋಡಿ. ಹಾಲಿಗೆ ಲೀಟರಿಗೆ ಎರಡು ರೂಪಾಯಿ ಹೆಚ್ಚಾದರೂ ಚಿತ್ರ ಬದಲಾಗುವುದಿಲ್ಲ, ಏಕೆಂದರೆ ಹಿಂಡಿಯ ಬೆಲೆಯೂ ಜೊತೆಜೊತೆಗೇ ಏರುತ್ತದೆ.

ಮತ್ತೊಂದು ವಿಷಯವಿದೆ. ದನ ಬೆದೆಗೆ ಬರುವುದು ಇಪ್ಪತ್ತೊಂದು ದಿನಕ್ಕೊಮ್ಮೆ. ಸಂಜೆ ಮಕ್ಕಳ ಪಾಠದ ಗಡಿಬಿಡಿಯಲ್ಲಿ ಒಂದು ಬೆದೆ ತಪ್ಪಿದರೆ ಮುಂದಿನ ಕರು ಇಪ್ಪತ್ತೊಂದು ದಿನ ದೂರ ಸರಿಯುತ್ತದೆ, ಹಾಲು ಬತ್ತಿದ ದನಕ್ಕೆ ಅಷ್ಟು ದಿನ ಹಿಂಡಿ, ಹುಲ್ಲು ಹಾಕಲು ಸುಮಾರು 1,600 ರೂಪಾಯಿ ಹೋಗುತ್ತದೆ. ಎರಡು ಸಲ ತಪ್ಪಿತೆಂದರೆ ನಾಲ್ಕು ತಿಂಗಳ ಉಳಿತಾಯ ಮುಗಿಯಿತು. ಮಕ್ಕಳ ಹತ್ತಿರ ಇರಬಹುದು ಎನ್ನುವ ಅನುಕೂಲವೂ ಅರ್ಧ ಸತ್ಯ, ಏಕೆಂದರೆ ಹಾಲು ಕರೆದು ಸೊಸೈಟಿಗೆ ಒಯ್ಯುವ ಹೊತ್ತೇ ಮಕ್ಕಳಿಗೆ ತಿಂಡಿ ಮಾಡಿ ಶಾಲೆಗೆ ಕಳಿಸುವ ಹೊತ್ತು. ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿಯುವಂತಿಲ್ಲ. ಅಡಿಕೆ ತೋಟದಲ್ಲಿ ಹಸಿಹುಲ್ಲು ಬೆಳೆಸುವವರ ಲೆಕ್ಕ ಬೇರೆ. ಅವರ ಮನೆಯಲ್ಲಿ ದನ ಗೆಲ್ಲುತ್ತದೆ, ಅದನ್ನು ನೋಡಿಯೇ ಹತ್ತು ಸೆಂಟ್ಸಿನವರು ಆಸೆಪಡುವುದು.

ಹಾಗಾದರೆ ಏನು ಮಾಡಬೇಕು? ಎರಡೂವರೆ ಲಕ್ಷವನ್ನು ಒಂದೇ ಕಡೆ ಸುರಿಯಬಾರದು. ಒಂದೂವರೆ ಲಕ್ಷವನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿಟ್ಟರೆ 7.4 ಶೇಕಡಾ ದರದಲ್ಲಿ ತಿಂಗಳಿಗೆ 925 ರೂಪಾಯಿ ಬರುತ್ತದೆ. ಅವಧಿ ಐದು ವರ್ಷ. ಮೊದಲ ವರ್ಷ ಹಣ ತೆಗೆಯಲಾಗದು, ಆಮೇಲೆ ತೆಗೆದರೆ ಸ್ವಲ್ಪ ಕಡಿತವಿದೆ. ಆದ್ದರಿಂದ ಐವತ್ತು ಸಾವಿರ ಉಳಿತಾಯ ಖಾತೆಯಲ್ಲೇ ಇರಲಿ. ಉಳಿದ ಐವತ್ತು ಸಾವಿರದೊಳಗೆ ದೋಸೆ ಹಿಟ್ಟಿನ ಕೆಲಸ ಕೂಡಿಬರುತ್ತದೆ, ಮಕ್ಕಳು ಶಾಲೆಯಲ್ಲಿರುವಾಗಲೇ ಅದು ಮುಗಿಯುತ್ತದೆ.

ದಿನಕ್ಕೆ ನಾಲ್ಕು ಕಿಲೋ ಅಕ್ಕಿ, ಒಂದು ಕಿಲೋ ಉದ್ದು ನೆನೆಸಿದರೆ ಹದಿಮೂರು ಕಿಲೋದಷ್ಟು ಹಿಟ್ಟು ಸಿಗುತ್ತದೆ. ಅಕ್ಕಿ, ಉದ್ದು, ಕವರು, ಕರೆಂಟು ಸೇರಿ ಖರ್ಚು ಸುಮಾರು 350 ರೂಪಾಯಿ. ಐದು ಕಿಲೋ ಅಕ್ಕಪಕ್ಕದ ಮನೆಗಳಿಗೆ 60ರಂತೆ, ಎಂಟು ಕಿಲೋ ಅಂಗಡಿಗೆ 48ರಂತೆ ಹೋದರೆ 684. ಒಂದು ಪ್ಯಾಕೆಟ್ ವಾಪಸು ಬರುತ್ತದೆ ಎಂದು ಕಳೆದರೂ ದಿನಕ್ಕೆ 286 ಉಳಿಯುತ್ತದೆ, ಇಪ್ಪತ್ತೈದು ದಿನಕ್ಕೆ ಏಳು ಸಾವಿರದ ಮೇಲೆ. ಸಾಮಾನು ಕೊಳ್ಳುವ ಮೊದಲೇ ಹದಿನೈದು ದಿನ ಮನೆಯ ಗ್ರೈಂಡರಿನಲ್ಲಿ ಅರೆದು ಕೊಟ್ಟು ಗಿರಾಕಿಗಳನ್ನು ಎಣಿಸಿಕೊಳ್ಳಿ. ಆಹಾರ ಸುರಕ್ಷತೆಯ ನೋಂದಣಿಯನ್ನು ಅಕ್ಷಯ ಕೇಂದ್ರದಲ್ಲಿ ಮಾಡಿಸಬಹುದು.

ಇದು ಕೆಡುವುದು ಎರಡು ಕಾಲದಲ್ಲಿ. ಏಪ್ರಿಲಿನ ಸೆಕೆಗೆ ಹಿಟ್ಟು ಅಂಗಡಿಯಲ್ಲೇ ಹುಳಿಯೇರಿ ಕವರು ಉಬ್ಬುತ್ತದೆ. ಉಬ್ಬಿದ ಕವರನ್ನು ಗಿರಾಕಿ ಮುಟ್ಟುವುದಿಲ್ಲ. ಆಟಿಯ ಮಳೆಯಲ್ಲಿ ರಾತ್ರಿಯಿಡೀ ಇಟ್ಟರೂ ಹಿಟ್ಟು ಏಳುವುದಿಲ್ಲ, ದೋಸೆ ಮರುದಿನ ಚಪ್ಪಟೆಯಾದರೆ ದೂರು ನಿಮಗೇ ಬರುತ್ತದೆ. ಸೆಕೆಯಲ್ಲಿ ತಣ್ಣೀರು ಹಾಕಿ ಅರೆದು, ಅರೆದ ಕೂಡಲೇ ಹುಳಿಯೇರುವ ಮೊದಲೇ ಫ್ರಿಜ್‌ಗೆ ಸೇರಿಸಿ, ಅರೆದ ಹೊತ್ತನ್ನು ಕವರಿನ ಮೇಲೆ ಬರೆಯಬೇಕು. ಮಳೆಯಲ್ಲಿ ಉಗುರುಬಿಸಿ ನೀರು ಹಾಕಿ ಅರೆದು ಮುಚ್ಚಿಡಬೇಕು.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ, ಆದರೆ ಗಂಡನಿಂದ ಬೇರೆಯಾಗಿದ್ದು ವಿಚ್ಛೇದನವಾಗದ ಹೆಂಗಸರು ಕೇಳಬೇಕಾದದ್ದು. ಠೇವಣಿಯ ನಾಮಿನಿ ಜಾಗದಲ್ಲಿ ಗಂಡನ ಹೆಸರೇ ಉಳಿದಿರುತ್ತದೆ. ಅದನ್ನು ಬದಲಿಸುವುದು ಒಂದು ಅರ್ಜಿಯ ಕೆಲಸ. ಮಗು ಅಪ್ರಾಪ್ತನಾದರೆ ಅದರ ಪರ ಹಣ ಪಡೆಯುವ ದೊಡ್ಡವರ ಹೆಸರೂ ಬರೆಯಬೇಕು. ಆದರೆ ಅಲ್ಲಿಗೆ ಮುಗಿಯಲಿಲ್ಲ. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಒಪ್ಪಿಸುವವನು, ಮಾಲೀಕನಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಮಕ್ಕಳ ಜೊತೆಗೆ ಗಂಡನೂ ಮೊದಲ ಸಾಲಿನ ವಾರಸುದಾರ, ಎಷ್ಟು ವರ್ಷ ಬೇರೆಯಿದ್ದರೂ ಸರಿ. ನಿಮ್ಮ ಹಣ ಮಕ್ಕಳಿಗಷ್ಟೇ ಸೇರಬೇಕಾದರೆ ಇಬ್ಬರು ಸಾಕ್ಷಿಗಳ ಸಹಿಯಿರುವ ಒಂದು ಉಯಿಲು ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಆ ಇಬ್ಬರು ಸಾಕ್ಷಿಗಳು ಉಯಿಲಿನಿಂದ ಏನನ್ನೂ ಪಡೆಯದವರಾಗಿದ್ದರೆ ಒಳ್ಳೆಯದು.