ಉಷ್ಣವಿದ್ಯುತ್ ಜನಕ: ಒಲೆಗೆ ಹಚ್ಚಿದ ಪೆಲ್ಟಿಯರ್ ಬಿಲ್ಲೆಯ ನಿಜವಾದ ಗಳಿಕೆ

ಪೆಲ್ಟಿಯರ್ ಬಿಲ್ಲೆ ಎಂದರೆ ಎರಡು ತೆಳುವಾದ ಪಿಂಗಾಣಿ ಹಲಗೆಗಳ ನಡುವೆ ಬಿಸ್ಮತ್ ಟೆಲ್ಲುರೈಡಿನ ಸಣ್ಣ ತುಂಡುಗಳನ್ನು ಸಾಲಾಗಿ ಬೆಸೆದು ಕೂಡಿಸಿದ ಸಾಧನ. ವಿದ್ಯುತ್ ಹರಿಸಿದರೆ ಇದರ ಒಂದು ಮುಖ ತಣ್ಣಗಾಗಿ ಇನ್ನೊಂದು ಬಿಸಿಯಾಗುತ್ತದೆ. ಒಂದು ಮುಖವನ್ನು ನಾವೇ ಬಿಸಿ ಮಾಡಿ ಇನ್ನೊಂದನ್ನು ತಂಪಾಗಿಟ್ಟರೆ, 1821ರಲ್ಲಿ ಸೀಬೆಕ್ ಕಂಡುಕೊಂಡ ಪರಿಣಾಮದಂತೆ, ಅದೇ ಬಿಲ್ಲೆ ವಿದ್ಯುತ್ತನ್ನು ಕೊಡುತ್ತದೆ. ಆಗ ಅದು ಉಷ್ಣವಿದ್ಯುತ್ ಜನಕ ಎನಿಸಿಕೊಳ್ಳುತ್ತದೆ.

ಸಾಮಾನ್ಯವಾಗಿ ಸಿಗುವ TEC1-12706 ಬಿಲ್ಲೆಯ ವಿವರದಲ್ಲಿರುವ 12 ವೋಲ್ಟ್, 6 ಆಂಪಿಯರ್ ಎಂಬ ಅಂಕಿಗಳು ತಂಪು ಮಾಡಲು ನಾವು ಕೊಡಬೇಕಾದವೇ ಹೊರತು ಅದು ನಮಗೆ ಕೊಡುವವಲ್ಲ. ಲೆಕ್ಕ ತಪ್ಪುವುದು ಬಹುಮಟ್ಟಿಗೆ ಇಲ್ಲಿಂದಲೇ.

ಗದಗ ಸೀಮೆಯ ಒಂದು ಅಡುಗೆಮನೆಯಲ್ಲಿ ಹತ್ತಿಕಟ್ಟಿಗೆ ಉರಿಸಿ ರೊಟ್ಟಿ ಬೇಯಿಸುವ ಒಲೆಯನ್ನು ತೆಗೆದುಕೊಳ್ಳೋಣ. ಒಲೆಯ ಪಕ್ಕಕ್ಕೆ ಕೂಡಿಸಿದ ಅಲ್ಯೂಮಿನಿಯಂ ತಗಡಿನ ಮೇಲೆ ಬಿಲ್ಲೆಯನ್ನೂ ಅದರ ಹೊರಮುಖಕ್ಕೆ ರೆಕ್ಕೆಗಳಿರುವ ಹೀಟ್‌ಸಿಂಕನ್ನೂ ಬಿಗಿದಿದ್ದೇವೆ ಎಂದುಕೊಳ್ಳಿ. ಬೆಂಕಿ ಹೊತ್ತಿದ ಮೊದಲ ಐದು ನಿಮಿಷ ಮಲ್ಟಿಮೀಟರ್ ಆಸೆ ಹುಟ್ಟಿಸುವ ಅಂಕಿ ತೋರಿಸುತ್ತದೆ, ಏಕೆಂದರೆ ಹೀಟ್‌ಸಿಂಕ್ ಇನ್ನೂ ಕಾದಿರುವುದಿಲ್ಲ. ಅರ್ಧ ತಾಸಿನ ನಂತರ ಒಳಮುಖ 120 ಡಿಗ್ರಿ, ಹೊರಮುಖ 80 ಡಿಗ್ರಿಗೆ ನಿಂತರೆ, ಅಂತರ 40 ಡಿಗ್ರಿ ಮಾತ್ರ. ಪ್ರತಿ ಡಿಗ್ರಿಗೆ ಸುಮಾರು 0.05 ವೋಲ್ಟಿನಂತೆ ತೆರೆದ ತಂತಿಗಳ ನಡುವೆ 2 ವೋಲ್ಟ್ ಸಿಗುತ್ತದೆ. ಬಿಸಿಯಾದ ಬಿಲ್ಲೆಯ ಒಳರೋಧ ಸುಮಾರು 2.5 ಓಮ್ ಆದ್ದರಿಂದ ತಂತಿಗಳನ್ನು ನೇರ ಕೂಡಿಸಿದರೆ 0.8 ಆಂಪಿಯರ್ ಹರಿಯುತ್ತದೆ. ಇವೆರಡನ್ನೂ ಗುಣಿಸಿ 1.6 ವ್ಯಾಟ್ ಎನ್ನುವವರಿದ್ದಾರೆ, ಆದರೆ ಈ ಎರಡು ಅಂಕಿಗಳು ಒಂದೇ ಹೊತ್ತಿಗೆ ಎಂದೂ ಸಿಗುವುದಿಲ್ಲ. ಹೊರಗೆ ಹಚ್ಚಿದ ಉಪಕರಣದ ರೋಧ ಒಳರೋಧಕ್ಕೆ ಸಮವಾದಾಗ ಸಿಗುವ 1 ವೋಲ್ಟ್, 0.4 ಆಂಪಿಯರ್, ಅಂದರೆ 0.4 ವ್ಯಾಟೇ ಗರಿಷ್ಠ. ಆ ಗುಣಲಬ್ಧದ ಕಾಲುಭಾಗ.

ಇದನ್ನು 5 ವೋಲ್ಟಿಗೆ ಏರಿಸುವ ಬೂಸ್ಟ್ ಸರ್ಕ್ಯೂಟಿನಲ್ಲಿ ಸ್ವಲ್ಪ ಸೋರಿ, ಕೈಗೆ 0.3 ವ್ಯಾಟ್ ಉಳಿಯುತ್ತದೆ. ಫೋನನ್ನು ನೇರವಾಗಿ ಹಚ್ಚಿದರೆ ಅದು ಇದಕ್ಕಿಂತ ಹೆಚ್ಚು ಎಳೆಯಲು ಹೋಗಿ ವೋಲ್ಟೇಜ್ ಕುಸಿಯುತ್ತದೆ, ಚಾರ್ಜಿಂಗ್ ಗುರುತು ಬಂದುಬಂದು ಹೋಗುತ್ತದೆ. ಆದ್ದರಿಂದ ಮೊದಲು ಒಂದು ಸಣ್ಣ ಲಿಥಿಯಂ ಸೆಲ್ಲಿಗೆ ತುಂಬಿಸುವುದು ಲೇಸು. ದಿನಕ್ಕೆ ಎರಡು ತಾಸು ಒಲೆ ಉರಿದರೆ 0.6 ವ್ಯಾಟ್‌-ತಾಸು, 5000 mAh ಬ್ಯಾಟರಿ ಸುಮಾರು 19 ವ್ಯಾಟ್‌-ತಾಸು ಹಿಡಿಯುವುದರಿಂದ, ಇದು ಶೇಕಡಾ ಮೂರು, ಅದೂ ನಷ್ಟ ಕಳೆಯುವ ಮುನ್ನ.

ಗಳಿಕೆ ಹೆಚ್ಚಿಸಲು ಉರಿ ಏರಿಸುವುದು ಅಪಾಯ. ಇಂಥ ಅನೇಕ ಬಿಲ್ಲೆಗಳ ಬೆಸುಗೆ 138 ಡಿಗ್ರಿಗೇ ಕರಗುತ್ತದೆ. ಒಮ್ಮೆ ಹಾಗಾದರೆ ಮುಖಗಳ ಅಂತರ ಮೊದಲಿನಷ್ಟೇ ಇದ್ದರೂ ಕರೆಂಟ್ ಬಿದ್ದುಹೋಗುತ್ತದೆ. ಹೊರಮುಖಕ್ಕೆ ರೆಕ್ಕೆಗಳ ಬದಲು ಒಂದು ಲೀಟರ್ ನೀರಿನ ಚಪ್ಪಟೆ ಡಬ್ಬಿ ಬಿಗಿದು ಅಂತರವನ್ನು 60 ಡಿಗ್ರಿಗೆ ಒಯ್ದರೆ, ಅದೇ ಲೆಕ್ಕದಂತೆ 0.9 ವ್ಯಾಟ್ ಸಿಗುತ್ತದೆ. ಬಿಲ್ಲೆ ದಾಟಿ ಬರುವ ಮೂವತ್ತು ವ್ಯಾಟಿಗೂ ಮಿಕ್ಕ ಶಾಖ ತಾಸಿಗೆ ಸುಮಾರು 30 ಡಿಗ್ರಿಯಷ್ಟು ನೀರನ್ನು ಕಾಯಿಸುವುದರಿಂದ, ರೊಟ್ಟಿಯ ನಡುವೆ ಒಮ್ಮೆ ಅದನ್ನು ಬಸಿದು ತಣ್ಣೀರು ತುಂಬಬೇಕು.