ಕಟಿಂಗ್ ಸರಿಯಾಗಿದ್ದರೂ ಪೋಸ್ಟರ್ ಯಾಕೆ ಅಂಟಿಸಿದ ಹಾಗೆ ಕಾಣುತ್ತದೆ?

ಪ್ರಶ್ನೆ: ಸಿನಿಮಾ ಪೋಸ್ಟರ್ ಥರ ಒಂದು ಡಿಸೈನ್ ಮಾಡುತ್ತಿದ್ದೇನೆ. ಮೂರು ಸ್ಟಾಕ್ ಫೋಟೋ ಸೇರಿಸಿದ್ದೇನೆ: ಸಂಜೆಯ ಆಕಾಶ, ಬಂಡೆಗಳ ಬೆಟ್ಟ, ಸ್ಟುಡಿಯೋದಲ್ಲಿ ತೆಗೆದ ಹೀರೋ. ಕೂದಲಿನ ಅಂಚು ಕೂಡ ನೀಟಾಗಿ ಕಟ್ ಮಾಡಿದ್ದೇನೆ. ಕೊನೆಗೆ ನೀಲಿ-ಕಿತ್ತಳೆ ಕಲರ್ ಗ್ರೇಡ್ ಹಾಕಿದೆ. ಆದರೂ ಹೀರೋ ಅಂಟಿಸಿದ ಹಾಗೆಯೇ ಕಾಣುತ್ತಾನೆ. ಯಾಕೆ?

ಉತ್ತರ: ಇಂಥ ಕೆಲಸದಲ್ಲಿ ತೊಂದರೆ ಹೆಚ್ಚಾಗಿ ಇರುವುದು ಬೆಳಕು-ನೆರಳಿನ ಮಟ್ಟದಲ್ಲಿ. ಎಲ್ಲರೂ ಮೊದಲು ಬಣ್ಣಕ್ಕೆ ಕೈ ಹಾಕುತ್ತಾರೆ. ಕಪ್ಪು-ಬಿಳುಪಿನಲ್ಲೇ ಹೊಂದದ ಚಿತ್ರವನ್ನು ಯಾವ ಕಲರ್ ಗ್ರೇಡೂ ಹೊಂದಿಸಲಾರದು.

ನಿಮ್ಮ ಮೂರು ಫೋಟೋಗಳನ್ನೇ ತೆಗೆದುಕೊಳ್ಳೋಣ. ಆಕಾಶದಲ್ಲಿ ಸೂರ್ಯ ಎಡಗಡೆ, ಕೆಳಗೆ, ಹೀರೋನ ಹಿಂದೆ ಇದ್ದಾನೆ ಅಂದುಕೊಳ್ಳಿ. ಈಗ ಹೀರೋನ ಮೂಗಿನ ನೆರಳು ನೋಡಿ. ಅದು ಎಡಕ್ಕೆ ಬಿದ್ದಿದ್ದರೆ ಸ್ಟುಡಿಯೋ ಲೈಟ್ ಬಲಗಡೆ ಇತ್ತು ಅಂತ ಅರ್ಥ. ಆಗ ಫೋಟೋವನ್ನು ಅಡ್ಡಕ್ಕೆ ಫ್ಲಿಪ್ ಮಾಡಿ. ಅಂಗಿಯ ಮೇಲೆ ಅಕ್ಷರ ಇದ್ದರೆ ತಿರುಗಿಬಿಡುತ್ತದೆ, ಅದನ್ನು ಗಮನಿಸಿ. ನೆರಳಿನ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಚೂಪಾಗಿದ್ದರೆ ಮಾತ್ರ ಆ ಫೋಟೋ ಬಿಟ್ಟುಬಿಡಿ. ಸಂಜೆಯ ಸೂರ್ಯ ಹಿಂದೆ ಇದ್ದಾಗ ಮುಖದ ಮೇಲೆ ಅಂಥ ನೆರಳು ಬೀಳುವುದಿಲ್ಲ. ಅದನ್ನು ಅಳಿಸಿ ಸರಿಮಾಡುವುದಕ್ಕಿಂತ ಬೇರೆ ಫೋಟೋ ಹುಡುಕುವುದೇ ಬೇಗ ಆಗುತ್ತದೆ.

ಆಮೇಲೆ ಫೋಟೋಶಾಪ್‌ನಲ್ಲಿ ಎಲ್ಲ ಲೇಯರ್‌ಗಳ ಮೇಲೆ ಒಂದು Black & White ಅಡ್ಜಸ್ಟ್‌ಮೆಂಟ್ ಲೇಯರ್ ಇಡಿ. ಇದು ಬರೀ ನೋಡುವುದಕ್ಕೆ, ಕೊನೆಗೆ ತೆಗೆಯುತ್ತೀರಿ. ಬಣ್ಣ ಹೋದ ತಕ್ಷಣ ತಪ್ಪು ಎದ್ದು ಕಾಣುತ್ತದೆ: ಹೀರೋನ ಕಪ್ಪು ಅಂಗಿ ಇಡೀ ಚಿತ್ರದಲ್ಲೇ ಅತಿ ಕಪ್ಪು, ಅವನ ಮುಖ ಆಕಾಶಕ್ಕಿಂತ ಬೆಳ್ಳಗೆ.

ಕಣ್ಣಿನ ಅಂದಾಜು ಸಾಲದಿದ್ದರೆ Info ಪ್ಯಾನೆಲ್ ತೆರೆದು ಹೀರೋನ ಪಕ್ಕದಲ್ಲೇ, ಅವನಷ್ಟೇ ದೂರದಲ್ಲಿರುವ ಕಲ್ಲಿನ ಕತ್ತಲ ಭಾಗದ ಮೇಲೆ ಮೌಸ್ ಇಡಿ. ಅಲ್ಲಿ ಸುಮಾರು 28 ತೋರಿಸಿ, ಅಂಗಿಯಲ್ಲಿ 8 ತೋರಿಸಿದರೆ ವ್ಯತ್ಯಾಸ ಅಲ್ಲೇ ಸಿಕ್ಕಿತು. ಹೀರೋ ಲೇಯರ್‌ಗೆ ಮಾತ್ರ ಕ್ಲಿಪ್ ಮಾಡಿದ Levels ಹಾಕಿ, ಕೆಳಗಿನ Output Levels ಪಟ್ಟಿಯ ಕಪ್ಪು ಸ್ಲೈಡರನ್ನು 20ರ ಆಸುಪಾಸಿಗೆ ತನ್ನಿ. ಹೊರಗಡೆ ದೂರ ಹೆಚ್ಚಿದಷ್ಟೂ ನಡುವೆ ಧೂಳು, ತೇವದ ಗಾಳಿ ಜಾಸ್ತಿ ಆಗಿ ಕಪ್ಪು ತೆಳುವಾಗುತ್ತದೆ. ಅದಕ್ಕೇ ಹಿಂದಿನ ಬೆಟ್ಟದ ಕಪ್ಪು ಹೀರೋಗಿಂತಲೂ ಮೇಲಿರಬೇಕು, ಒಂದು 40ರವರೆಗೆ. ಇದಕ್ಕೆ ಬೆಟ್ಟದ ಲೇಯರ್‌ಗೆ ಬೇರೆ Levels ಹಾಕಿ, ಹೀರೋ ಪಕ್ಕದ ಕಲ್ಲನ್ನು ಮಾಸ್ಕ್‌ನಲ್ಲಿ ಹೊರಗಿಡಿ. ಬೆಟ್ಟದ ಫೋಟೋ ಮಧ್ಯಾಹ್ನದ್ದಾಗಿದ್ದರೆ ಅದೇ ಪಟ್ಟಿಯ ಬಿಳಿ ಸ್ಲೈಡರನ್ನೂ 110ರವರೆಗೆ ಇಳಿಸಿ. ಬಂಡೆಗಳ ಚುರುಕು ನೆರಳು ಅಡಗಿ, ಹಿಂದೆ ಸೂರ್ಯನಿರುವ ಬೆಟ್ಟದ ಹಾಗೆ ಮಬ್ಬಾಗುತ್ತದೆ. ಸಂಖ್ಯೆಗಳು ನಿಮ್ಮ ಫೋಟೋಗೆ ತಕ್ಕಂತೆ ಬದಲಾಗುತ್ತವೆ, ಕ್ರಮ ಮಾತ್ರ ಇದೇ.

ಸೂರ್ಯ ಹಿಂದೆ ಇದ್ದಾನೆ ಅಂದಮೇಲೆ ಮುಖ ನೆರಳಲ್ಲಿರಬೇಕು, ಅಲ್ವಾ? ಹೀರೋ ಲೇಯರ್‌ಗೆ ಮಾತ್ರ ಕ್ಲಿಪ್ ಮಾಡಿದ Curves ಅನ್ನು ಅವನ Levels ಕೆಳಗೆ ಇಟ್ಟು, ಅದನ್ನು ಎಳೆದು ಹೀರೋನನ್ನು ಇಡಿಯಾಗಿ ಕತ್ತಲು ಮಾಡಿ. ಆಮೇಲೆ ಮಾಸ್ಕ್‌ನಲ್ಲಿ ಚಿತ್ರದ ಎಡಗಡೆ ಇರುವ ಕೆನ್ನೆ, ಭುಜದ ಅಂಚಿನಲ್ಲಿ ಮಾತ್ರ ಬೆಳಕು ವಾಪಸ್ ತನ್ನಿ. ಅದರ ಮೇಲೆ Screen ಮೋಡ್‌ನ ಹೊಸ ಲೇಯರ್ ಇಟ್ಟು, ಆಕಾಶದಿಂದಲೇ ಆರಿಸಿದ ಕಿತ್ತಳೆ ಬಣ್ಣವನ್ನು ತೆಳುವಾಗಿ ಬಳಿಯಿರಿ. ದೇಹದ ಸುತ್ತ ಒಂದೇ ದಪ್ಪದ ಗೆರೆ ಹಾಕಿದರೆ ಸ್ಟಿಕ್ಕರ್ ಆಗಿಬಿಡುತ್ತದೆ. ಸೂರ್ಯನ ಕಡೆಗೆ ತಿರುಗಿದ ಮಡಿಕೆಗಳಿಗೆ ಮಾತ್ರ ಬೆಳಕು ತಾಕಬೇಕು.

ಕಾಲಿನ ನೆರಳನ್ನು Multiply ಮೋಡ್‌ನಲ್ಲಿ ಎರಡು ಲೇಯರ್ ಮಾಡಿ. ಶೂ ನೆಲ ಮುಟ್ಟುವ ಕಡೆ ತೆಳ್ಳಗೆ, ತುಂಬಾ ಗಾಢವಾಗಿ ಒಂದು. ಹೀರೋನಿಂದ ನಮ್ಮ ಕಡೆಗೆ, ಸ್ವಲ್ಪ ಬಲಕ್ಕೆ ಚಾಚಿ ಮಾಸುತ್ತಾ ಹೋಗುವ ಮೆತ್ತನೆಯದು ಇನ್ನೊಂದು. ಮೊದಲನೆಯದು ಇಲ್ಲದಿದ್ದರೆ ಹೀರೋ ತೇಲುತ್ತಾನೆ.

ಈಗ ಬಣ್ಣ. Black & White ಲೇಯರ್ ಮುಚ್ಚಿ. Channels ಪ್ಯಾನೆಲ್‌ನಲ್ಲಿ Blue ಒಂದನ್ನೇ ತೆರೆದರೆ ಮತ್ತೆ ಬೂದು ಚಿತ್ರ ಕಾಣುತ್ತದೆ. ಅದರಲ್ಲಿ ಹೀರೋ ಪಕ್ಕದ ಕಲ್ಲಿಗಿಂತ ಹೆಚ್ಚು ಕಪ್ಪಾಗಿದ್ದರೆ Levels ಒಳಗೆ Blue ಆರಿಸಿ ಅಷ್ಟನ್ನೇ ಎತ್ತಿ. Red, Green ಕೂಡ ಹೀಗೇ. ಇಷ್ಟಾದ ಮೇಲೆ ನಿಮ್ಮ ನೀಲಿ-ಕಿತ್ತಳೆ ಗ್ರೇಡನ್ನು ಎಲ್ಲಕ್ಕಿಂತ ಮೇಲೆ ಹಾಕಿ. ಈಗ ಅದು ಕಡಿಮೆ ಅಪಾಸಿಟಿಯಲ್ಲೇ ಸಾಕಾಗುತ್ತದೆ.

ಕೊನೆಯದು ಗ್ರೇನ್. ಸ್ಟುಡಿಯೋ ಫೋಟೋ ನುಣುಪಾಗಿರುತ್ತದೆ, ಸಂಜೆಯ ಆಕಾಶದಲ್ಲಿ ನಾಯ್ಸ್ ಇರುತ್ತದೆ. ಮೊದಲು ಆಕಾಶದ ನಾಯ್ಸ್ ಕಡಿಮೆ ಮಾಡಿ. ಆಮೇಲೆ ಎಲ್ಲದರ ಮೇಲೆ 50% ಬೂದು ತುಂಬಿದ ಲೇಯರ್ ಇಟ್ಟು, ಮೋಡ್ Overlay ಮಾಡಿ, Add Noise ಫಿಲ್ಟರನ್ನು Monochromatic ಟಿಕ್ ಮಾಡಿ ಸ್ವಲ್ಪವೇ ಹಾಕಿ. ಎಷ್ಟು ಸಾಕು ಅನ್ನುವುದನ್ನು 100% ಝೂಮ್‌ನಲ್ಲೇ ನೋಡಿ ನಿರ್ಧರಿಸಿ, ಚಿಕ್ಕದಾಗಿ ನೋಡಿದರೆ ಗ್ರೇನ್ ಗೊತ್ತಾಗುವುದಿಲ್ಲ.