ಡಾಲರ್ ಇಳಿದರೂ ಬೆಳೆಗಾರರ ಸಂಘಕ್ಕೆ ಏಟು ಬೀಳದಂತೆ ರಫ್ತು ಬೆಲೆ ಕಟ್ಟುವುದು: ಒಂದು ಕಂಟೇನರ್ ರೋಬಸ್ಟಾ ಕಾಫಿಯ ಲೆಕ್ಕ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ, ಏಕೆಂದರೆ ಪರೀಕ್ಷೆಯಲ್ಲೂ ಸಂಘದ ಸಭೆಯಲ್ಲೂ ಎಡವುವುದು ಇಲ್ಲೇ. ‘ಕರೆನ್ಸಿ ಕುಸಿತ’ ಎಂದ ಕೂಡಲೇ ರೂಪಾಯಿ ಕುಸಿತ ನೆನಪಾಗುತ್ತದೆ. ಆದರೆ ರಫ್ತು ಮಾಡುವವರ ಖರ್ಚು ರೂಪಾಯಿಯಲ್ಲಿ, ಬರುವ ಹಣ ಡಾಲರ್‌ನಲ್ಲಿ. ಅವರಿಗೆ ಪೆಟ್ಟು ಕೊಡುವುದು ಬಿಲ್ ಮಾಡಿದ ಕರೆನ್ಸಿಯ ಕುಸಿತ, ಅಂದರೆ ಡಾಲರ್ ಇಳಿದು ರೂಪಾಯಿ ಏರುವುದು. ‘ರೂಪಾಯಿ ಯಾವತ್ತೂ ಇಳಿಯುತ್ತಲೇ ಇರುತ್ತದೆ, ನಮಗೇನು ಭಯ’ ಎನ್ನುವವರು 2025ನ್ನು ನೋಡಬೇಕು. ಫೆಬ್ರವರಿಯ ಮೊದಲರ್ಧದಲ್ಲಿ ಡಾಲರ್ 88ರ ಹತ್ತಿರವಿತ್ತು, ಮೇ ಆರಂಭಕ್ಕೆ 84ರ ಆಸುಪಾಸಿಗೆ ಬಂದಿತ್ತು. ಅದು ಸರಿಯಾಗಿ ನಮ್ಮ ಕಾಫಿ ಕೊಯ್ಲು ಮುಗಿದು ಸರಕು ಬಂದರಿಗೆ ಹೋಗುವ ಕಾಲ. 2013ರ ಆಗಸ್ಟ್ ಕೊನೆಯಲ್ಲಿ 68 ದಾಟಿದ್ದ ಡಾಲರ್ ಅಕ್ಟೋಬರ್ ಹೊತ್ತಿಗೆ 61–62ಕ್ಕೆ ಇಳಿದದ್ದು ಇನ್ನೂ ದೊಡ್ಡ ಜಾರಿಕೆ.

ಉದಾಹರಣೆಗೆ ಕೊಡಗಿನ ಬೆಳೆಗಾರರ ಸಹಕಾರ ಸಂಘವೊಂದು 60 ಕೆ.ಜಿ.ಯ 320 ಚೀಲ, ಅಂದರೆ 19.2 ಟನ್ ಕ್ಲೀನ್ ರೋಬಸ್ಟಾ ಕಾಫಿಯನ್ನು ಮಂಗಳೂರು ಬಂದರಿನಿಂದ, ಹಡಗಿಗೆ ಏರಿಸುವವರೆಗಿನ ಖರ್ಚು ಮಾತ್ರ ಸೇರಿದ ಎಫ್‌ಒಬಿ ಲೆಕ್ಕದಲ್ಲಿ ಮಾರುತ್ತದೆ ಎಂದಿಟ್ಟುಕೊಳ್ಳಿ. ಬೆಲೆ ಮತ್ತು ದರಗಳೆಲ್ಲ ಲೆಕ್ಕ ಕಲಿಯಲು ಹಿಡಿದವು, ಮಾರುಕಟ್ಟೆಯ ಇವತ್ತಿನ ದರವಲ್ಲ.

ರೂಪಾಯಿ ವೆಚ್ಚ

ಒಣ ಚೆರ್ರಿಯ 50 ಕೆ.ಜಿ. ಚೀಲದಿಂದ ಸಿಪ್ಪೆ ತೆಗೆದ ಕ್ಲೀನ್ ಕಾಫಿ ಎಷ್ಟು ಕೆ.ಜಿ. ಬರುತ್ತದೆ ಎಂಬುದೇ ಔಟ್‌ಟರ್ನ್, ಬಾಯಿಮಾತಿನ ಓಟಿ. ಓಟಿ 26, ಚೀಲಕ್ಕೆ 9,880 ರೂ. ಕೊಟ್ಟು ಖರೀದಿಸಿದರೆ ಕ್ಲೀನ್ ಕಾಫಿ ಕೆ.ಜಿ.ಗೆ 380 ರೂ. ಬೀಳುತ್ತದೆ. ಕ್ಯೂರಿಂಗ್, ಗ್ರೇಡಿಂಗ್ ಮತ್ತು ಚೀಲದ ಖರ್ಚು ಸೇರಿ ಕೆ.ಜಿ.ಗೆ 12 ರೂ. ಲಾರಿ ಬಾಡಿಗೆ, ಬಂದರಿನ ಖರ್ಚು 6 ರೂ. ರೈತರಿಗೆ ಹಣ ಕೊಟ್ಟ ದಿನದಿಂದ ವಿದೇಶದ ಹಣ ಬರುವವರೆಗೆ ನಾಲ್ಕು ತಿಂಗಳು, ಶೇ. 10ರ ಬಡ್ಡಿ, ಅದು 13 ರೂ. ಸಂಘದ ಆಡಳಿತ ವೆಚ್ಚ ಮತ್ತು ಲಾಭಾಂಶ 9 ರೂ. ಒಟ್ಟು ಕೆ.ಜಿ.ಗೆ 420 ರೂ., ಟನ್ನಿಗೆ 4,20,000 ರೂ., ಇಡೀ ಕಂಟೇನರಿಗೆ 80,64,000 ರೂ.

ಓಟಿಯಲ್ಲಿ ಎಚ್ಚರ ಬೇಕು. ಗೇಟಿನಲ್ಲಿ 26 ಎಂದು ಬರೆದದ್ದು ಸಿಪ್ಪೆ ಬಿಡಿಸುವ ಹಲ್ಲಿಂಗ್ ಆದ ಮೇಲೆ 25 ಬಂದರೆ ಕೆ.ಜಿ. ವೆಚ್ಚ 395 ರೂ. ಆಗುತ್ತದೆ. ಆ 15 ರೂ. ನಷ್ಟವನ್ನು, ಡಾಲರ್ ಇಳಿತಕ್ಕೆಂದು ಬೆಲೆಯಲ್ಲಿ ಇಟ್ಟುಕೊಳ್ಳುವ ಯಾವ ಬಫರೂ ತುಂಬಿಕೊಡುವುದಿಲ್ಲ. ಎಷ್ಟೋ ಕಡೆ ವಿನಿಮಯ ದರದ ತಲೆಗೆ ಕಟ್ಟುವ ನಷ್ಟ ನಿಜವಾಗಿ ಓಟಿಯದ್ದಾಗಿರುತ್ತದೆ.

ಯಾವ ದರದಿಂದ ಭಾಗಿಸಬೇಕು

ಮೊಬೈಲ್‌ನಲ್ಲಿ ಕಾಣುವ ದರ ಬ್ಯಾಂಕುಗಳ ನಡುವಿನ ದರ. ಸಂಘದ ಖಾತೆಗೆ ಸಿಗುವುದು ನಮ್ಮ ಬ್ಯಾಂಕಿನ ಟಿ.ಟಿ. ಬೈಯಿಂಗ್ ದರ, ಅಂದರೆ ವಿದೇಶದಿಂದ ಬಂದ ಡಾಲರನ್ನು ಬ್ಯಾಂಕ್ ನಮ್ಮಿಂದ ಕೊಳ್ಳುವ ದರ. ಸಣ್ಣ ಗ್ರಾಹಕರಿಗೆ ಇದು 40 ಪೈಸೆ ಕಡಿಮೆ ಇದ್ದರೂ ಈ ಕಂಟೇನರಿನಲ್ಲಿ 37,000 ರೂ. ಹೋಯಿತು. ಆದ್ದರಿಂದ ಲೆಕ್ಕವನ್ನು ಬ್ಯಾಂಕ್ ಬರೆದುಕೊಡುವ ದರದಿಂದಲೇ ಶುರು ಮಾಡಿ. ಗ್ರಾಹಕರು ಆನ್‌ಲೈನ್‌ನಲ್ಲಿ ಡಾಲರ್ ಕೊಳ್ಳುವ, ಮಾರುವ ಎಫ್‌ಎಕ್ಸ್-ರೀಟೇಲ್ ವೇದಿಕೆಯಲ್ಲಿ ನೋಂದಾಯಿಸಿಕೊಂಡರೆ ಬ್ಯಾಂಕಿನೊಡನೆ ಚೌಕಾಶಿಗೆ ಒಂದು ಆಧಾರ ಸಿಗುತ್ತದೆ.

ನಮ್ಮ ಟಿ.ಟಿ. ದರ 88 ಎನ್ನೋಣ. 4,20,000 ÷ 88 = ಟನ್ನಿಗೆ 4,773 ಡಾಲರ್. ಇದು ಬಫರ್ ಇಲ್ಲದ ಬೆಲೆ. ಹಣ ಕೈಸೇರುವ ದಿನವೂ ಡಾಲರ್ 88ರಲ್ಲೇ ಇದ್ದರೆ ಮಾತ್ರ ಇದು ಸರಿಹೋಗುತ್ತದೆ.

ಬಫರ್ ಎಷ್ಟು ದಪ್ಪ ಇರಬೇಕು

ಅಂದಾಜಿನಲ್ಲಿ ‘ಐದು ಪರ್ಸೆಂಟ್ ಹಾಕಿ’ ಎನ್ನುವುದು ಲೆಕ್ಕವಲ್ಲ. ಬೆಲೆ ಹೇಳಿದ ದಿನದಿಂದ ಹಣ ಬರುವ ದಿನದವರೆಗೆ ಎಷ್ಟು ದಿನ ಎಂದು ಎಣಿಸಿ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 90. ಮಾನದಂಡ ದರ ಹೊರಡಿಸುವ ಸಂಸ್ಥೆಯಾದ ಎಫ್‌ಬಿಐಎಲ್ ಪ್ರತಿ ಕೆಲಸದ ದಿನ ಪ್ರಕಟಿಸುವ ಉಲ್ಲೇಖ ದರವನ್ನು ಮೂರ್ನಾಲ್ಕು ವರ್ಷದಷ್ಟು ಎಕ್ಸೆಲ್‌ಗೆ ಇಳಿಸಿ. ಪ್ರತಿ ದಿನದ ದರಕ್ಕೂ 90 ದಿನದ ನಂತರದ ದರಕ್ಕೂ ಇರುವ ಶೇಕಡಾ ವ್ಯತ್ಯಾಸ ತೆಗೆದು ಕೆಟ್ಟದ್ದರಿಂದ ಒಳ್ಳೆಯದಕ್ಕೆ ಜೋಡಿಸಿ. ನೂರರಲ್ಲಿ ಅತಿ ಕೆಟ್ಟ ಐದನ್ನು ಬಿಟ್ಟ ಮೇಲೆ ಸಿಗುವ ಅಂಕಿಯೇ ನಿಮ್ಮ ಬಫರ್. ಅತಿ ಕೆಟ್ಟದ್ದಕ್ಕೇ ಬಫರ್ ಕಟ್ಟಲು ಹೋದರೆ ಬೆಲೆ ಏರಿ ಖರೀದಿದಾರರು ಬೇರೆ ದಾರಿ ನೋಡುತ್ತಾರೆ.

ಅದು ಶೇ. 3 ಬಂತು ಎನ್ನೋಣ. 88ರಲ್ಲಿ ಶೇ. 3 ಕಳೆದರೆ ಬಫರ್ ದರ 85.36.

```
FOB ಬೆಲೆ = ರೂಪಾಯಿ ವೆಚ್ಚ ÷ ಬಫರ್ ದರ
4,20,000 ÷ 85.36 = 4,920
```

ಮೂಲ ಬೆಲೆಗೆ ಶೇ. 3 ಕೂಡಿಸಿದರೆ 4,916 ಬರುತ್ತದೆ, ಅದು ನಾಲ್ಕು ಡಾಲರ್ ಕಡಿಮೆ. ಬಫರ್ ದಪ್ಪವಾದಷ್ಟೂ ಈ ತಪ್ಪು ಬೆಳೆಯುತ್ತದೆ. ಕೂಡಿಸಬೇಡಿ, ಕಡಿಮೆ ಮಾಡಿದ ದರದಿಂದ ಭಾಗಿಸಿ. ಇನ್ನೊಂದು: ಹಡಗು ಬಾಡಿಗೆ, ವಿದೇಶಿ ಏಜೆಂಟರ ಕಮಿಷನ್ ಮೊದಲೇ ಡಾಲರ್‌ನಲ್ಲಿರುವ ಖರ್ಚುಗಳು. ಹಡಗು ಬಾಡಿಗೆ, ವಿಮೆ ಸೇರಿದ ಸಿಐಎಫ್ ಬೆಲೆ ಹೇಳುವುದಾದರೆ ಅವನ್ನು ಕೊನೆಗೆ ನೇರವಾಗಿ ಸೇರಿಸಿ. ಅವುಗಳ ಮೇಲೆ ಬಫರ್ ಹೇರಿದರೆ ಸುಮ್ಮನೆ ದುಬಾರಿಯಾಗುತ್ತೀರಿ.

ಒಂದಿಷ್ಟು ಬಫರ್, ಒಂದಿಷ್ಟು ಫಾರ್ವರ್ಡ್

ರೋಬಸ್ಟಾ ಕೊಳ್ಳುವವರ ಕಣ್ಣು ಲಂಡನ್ ಫ್ಯೂಚರ್ಸ್ ದರದ ಮೇಲಿರುತ್ತದೆ, ಅಂದರೆ ಮುಂದೆ ಕೊಡುವ ಕಾಫಿಗೆ ಲಂಡನ್ ಮಾರುಕಟ್ಟೆಯಲ್ಲಿ ಇಂದು ನಡೆಯುವ ದರದ ಮೇಲೆ. ಟನ್ನಿಗೆ 147 ಡಾಲರ್ ಹೆಚ್ಚು ಕೇಳಿದರೆ ಅವರು ಉತ್ತರವನ್ನೂ ಕೊಡಲಿಕ್ಕಿಲ್ಲ. ಆಗ ಫಾರ್ವರ್ಡ್ ಕಾಂಟ್ರಾಕ್ಟ್ ನೆರವಿಗೆ ಬರುತ್ತದೆ. ಮೂರು ತಿಂಗಳ ನಂತರ ಕೊಡುವ ಡಾಲರಿಗೆ ಇಂದೇ ದರ ಕಟ್ಟಿಕೊಳ್ಳುವುದು. ಭಾರತದ ಬಡ್ಡಿ ದರ ಅಮೆರಿಕಕ್ಕಿಂತ ಹೆಚ್ಚಿರುವಾಗ ಮುಂದಿನ ದರ ಇಂದಿನದಕ್ಕಿಂತ ತುಸು ಮೇಲಿರುತ್ತದೆ, ಆ ಪ್ರೀಮಿಯಂ ರಫ್ತುದಾರರಿಗೆ ಲಾಭ. 45 ಪೈಸೆ ಪ್ರೀಮಿಯಂ ಇದ್ದು ಬ್ಯಾಂಕ್ 15 ಪೈಸೆ ಇಟ್ಟುಕೊಂಡರೆ ನಮಗೆ 88.30.

ಹಾಗಾದರೆ ಪೂರ್ತಿ ಡಾಲರಿಗೂ ಫಾರ್ವರ್ಡ್ ಏಕೆ ಬೇಡ? ಖರೀದಿದಾರರಿಗೆ ಕಳಿಸಿದ ಕಾಫಿ ಸ್ಯಾಂಪಲ್ ಇನ್ನೂ ಒಪ್ಪಿಗೆಯಾಗಿಲ್ಲ. ಸರಕು ಹೋಗದಿದ್ದರೂ ಫಾರ್ವರ್ಡ್ ನಿಮ್ಮ ಕೊರಳಿಗೆ ಉಳಿಯುತ್ತದೆ. ಆದ್ದರಿಂದ ಮೊದಲಿಗೆ ಶೇ. 60 ಫಾರ್ವರ್ಡ್, ಉಳಿದ ಶೇ. 40ಕ್ಕೆ ಬಫರ್ ದರ.

```
(0.60 × 88.30) + (0.40 × 85.36) = 87.12
4,20,000 ÷ 87.12 = 4,821
```

ಬಫರ್ ಇಲ್ಲದ ಬೆಲೆಗಿಂತ 48 ಡಾಲರ್, ಅಂದರೆ ಶೇ. 1ರಷ್ಟೇ ಹೆಚ್ಚು. ಈ ಅಂತರವನ್ನು ಮಾತಾಡಿ ದಕ್ಕಿಸಿಕೊಳ್ಳಬಹುದು. ಕಂಟೇನರಿನ ಬಿಲ್ 92,563 ಡಾಲರ್, ಅದರಲ್ಲಿ 55,000ಕ್ಕೆ ಫಾರ್ವರ್ಡ್.

ಈಗ ಪರೀಕ್ಷಿಸಿ. ಹಣ ಬರುವ ದಿನ ಡಾಲರ್ 84 ಆಯಿತು. ಫಾರ್ವರ್ಡ್ ಭಾಗದಿಂದ 48,56,500 ರೂ., ಉಳಿದ 37,563 ಡಾಲರಿನಿಂದ ಸುಮಾರು 31,55,300 ರೂ. ಬೇಕಾದದ್ದಕ್ಕಿಂತ ಸುಮಾರು 52,200 ರೂ. ಕೊರತೆ, ಕೆ.ಜಿ.ಗೆ 2.72 ರೂ. ಸಂಘದ 9 ರೂಪಾಯಿಯಲ್ಲಿ ಅದು ತಡೆದುಕೊಳ್ಳುತ್ತದೆ. ಏನೂ ಮಾಡದೆ 4,773ಕ್ಕೆ ಮಾರಿದ್ದರೆ ಕೊರತೆ ಕೆ.ಜಿ.ಗೆ 19 ರೂ. ಸಂಘದ 9 ರೂ. ಪೂರ್ತಿ ಹೋಗಿ ಇನ್ನೂ 10 ರೂ. ಸದಸ್ಯರ ದುಡ್ಡಿಗೇ ಕೈಹಾಕುತ್ತದೆ. ಡಾಲರ್ 91ಕ್ಕೆ ಏರಿದರೆ ಇದೇ ಏರ್ಪಾಡಿನಲ್ಲಿ ಕೆ.ಜಿ.ಗೆ 11 ರೂ. ಹತ್ತಿರ ಉಳಿಯುತ್ತದೆ. ‘ಪೂರ್ತಿ ಬಿಟ್ಟಿದ್ದರೆ ಇನ್ನೂ ಸಿಗುತ್ತಿತ್ತು’ ಎಂದು ಆಗ ಸಭೆಯಲ್ಲಿ ಖಂಡಿತ ಯಾರೋ ಹೇಳುತ್ತಾರೆ. ಬುಕ್ ಮಾಡಿದ ದಿನವೇ ಶೇಕಡಾವಾರು ಮತ್ತು ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಟ್ಟಿದ್ದರೆ ಉತ್ತರ ಸುಲಭ.

ಫಾರ್ವರ್ಡ್ ಎಲ್ಲಿ ಕೈಕೊಡುತ್ತದೆ

ಸ್ಯಾಂಪಲ್ ತಿರಸ್ಕಾರವಾಗಿ ಒಪ್ಪಂದ ಮುರಿದುಬಿತ್ತು, ಅಷ್ಟರಲ್ಲಿ ಡಾಲರ್ 91. ರದ್ದು ಮಾಡಲು ಡಾಲರಿಗೆ 2.70 ರೂ. ವ್ಯತ್ಯಾಸ, 55,000ಕ್ಕೆ 1,48,500 ರೂ., ಮೇಲೆ ಬ್ಯಾಂಕ್ ಶುಲ್ಕ. ಹೀಗಾಗಿ ಸ್ಯಾಂಪಲ್ ಒಪ್ಪಿಗೆ ಬಂದ ಮೇಲೆ ಶೇ. 60ರಿಂದ 90ಕ್ಕೆ ಏರಿಸುವುದು ಸರಿಯಾದ ಕ್ರಮ, ಮೊದಲೇ ಅಲ್ಲ.

ಹಡಗು ತಡವಾಗುವುದಂತೂ ಮಾಮೂಲು. ಒಂದೇ ದಿನಕ್ಕೆ ಕಟ್ಟಿದ ಫಾರ್ವರ್ಡ್ ಬದಲು ‘ಇಡೀ ತಿಂಗಳಲ್ಲಿ ಯಾವ ದಿನವಾದರೂ’ ಎಂಬ ಅವಧಿಯ ಫಾರ್ವರ್ಡ್ ಕೇಳಿ. ಅದರಲ್ಲಿ ಬ್ಯಾಂಕ್ ಅವಧಿಯ ಮೊದಲ ದಿನದವರೆಗಿನ ಪ್ರೀಮಿಯಂ ಮಾತ್ರ ಕೊಡುತ್ತದೆ. ಕೆಲವು ಪೈಸೆ ಹೋಗುತ್ತದೆ, ಆದರೆ ನಿದ್ದೆ ಬರುತ್ತದೆ.

ಇನ್ನೊಂದು ದಾರಿ ವಿದೇಶಿ ಕರೆನ್ಸಿಯ ಪೂರ್ವ-ಸಾಗಣೆ ಸಾಲ, ಬ್ಯಾಂಕಿನವರು ಹೇಳುವ ಪಿಸಿಎಫ್‌ಸಿ. 55,000 ಡಾಲರ್ ಸಾಲ ಪಡೆದು ಇಂದೇ 88ರಲ್ಲಿ ರೂಪಾಯಿ ಮಾಡಿಕೊಂಡು ರೈತರಿಗೆ ಕೊಡುತ್ತೀರಿ, ಖರೀದಿದಾರರ ಡಾಲರ್ ಬಂದಾಗ ಅದರಿಂದಲೇ ಸಾಲ ತೀರುತ್ತದೆ. ಅಷ್ಟು ಡಾಲರಿನ ದರ ಸಾಲ ಪಡೆದ ದಿನವೇ ಗಟ್ಟಿಯಾಯಿತು. ಮುಖ್ಯ ಅಪಾಯ ಒಂದೇ: ಅದೇ ಡಾಲರಿಗೆ ಫಾರ್ವರ್ಡ್ ಕೂಡ ಬುಕ್ ಮಾಡುವುದು. ಆಗ ಸಾಲ ತೀರಿಸಿದ ಮೇಲೆ ಫಾರ್ವರ್ಡಿಗೆ ಕೊಡಲು ಡಾಲರೇ ಇರುವುದಿಲ್ಲ.

ದರ ಕಟ್ಟದ ಕಾಫಿ

ಮೇಲಿನದೆಲ್ಲ 380 ರೂ. ಆಗಲೇ ಕೊಟ್ಟಾಗಿದೆ ಎಂಬ ಆಧಾರದ ಮೇಲೆ ನಿಂತಿದೆ. ಬಹಳಷ್ಟು ಬೆಳೆಗಾರರು ಕಾಫಿಯನ್ನು ಗೋದಾಮಿಗೆ ತಂದು ಹಾಕುತ್ತಾರೆ, ದರವನ್ನು ಆಮೇಲೆ ತಮಗೆ ಬೇಕಾದ ದಿನ ಕಟ್ಟಿಸುತ್ತಾರೆ. ಸ್ಥಳೀಯ ವ್ಯಾಪಾರಿಗಳ ದರ ಲಂಡನ್ ಬೆಲೆಯನ್ನು ಡಾಲರ್ ದರದಿಂದ ಗುಣಿಸಿ ಬಂದದ್ದು. ಆದ್ದರಿಂದ ಆ ಕಾಫಿಯ ವೆಚ್ಚ ಡಾಲರ್ ಜೊತೆ ಏರಿಳಿಯುತ್ತದೆ. ಅದರ ಮೇಲೆ ಫಾರ್ವರ್ಡ್ ಕಟ್ಟಿದರೆ ಅಪಾಯ ತಿರುಗಿಬೀಳುತ್ತದೆ: ರೂಪಾಯಿ ಕುಸಿದು ಡಾಲರ್ 91 ಆಯಿತು, ಬೆಳೆಗಾರರು ಹೊಸ ದರ ಕೇಳುತ್ತಾರೆ, ಸಂಘದ ಆದಾಯ ಮಾತ್ರ 88.30ರಲ್ಲೇ ನಿಂತಿದೆ. ಲಂಡನ್ ಬೆಲೆ ಬದಲಾಗದಿದ್ದರೂ 380 ರೂ. ಇದ್ದದ್ದು 393 ಆಗಿಬಿಡುತ್ತದೆ.

ಹಾಗಾಗಿ ಬುಕ್ ಮಾಡುವ ಮುನ್ನ ಗೋದಾಮಿನ ಪುಸ್ತಕ ತೆರೆದು ಎರಡು ಸಂಖ್ಯೆ ಬರೆಯಿರಿ: ದರ ಕಟ್ಟಿದ ಚೀಲ ಎಷ್ಟು, ಕಟ್ಟದ ಚೀಲ ಎಷ್ಟು. ಫಾರ್ವರ್ಡ್ ಮೊದಲ ಸಂಖ್ಯೆಯನ್ನು ಮೀರಬಾರದು. ಎರಡನೆಯದಕ್ಕೆ ಡಾಲರಿನಲ್ಲಿ ಸ್ಥಿರ ಬೆಲೆ ಹೇಳುವುದೇ ತಪ್ಪು. ಅದನ್ನು ಲಂಡನ್ ದರ ಮತ್ತು ಅದರ ಮೇಲಿಷ್ಟು ಎಂಬ ವ್ಯತ್ಯಾಸದ ಲೆಕ್ಕದಲ್ಲಿ ಮಾರಿ, ಬೆಳೆಗಾರರು ದರ ಕಟ್ಟಿಸಿದ ದಿನವೇ ಖರೀದಿದಾರರೊಡನೆ ಬೆಲೆ ಗೊತ್ತುಮಾಡಿ, ಅಂದೇ ಅಷ್ಟು ಡಾಲರಿಗೆ ಫಾರ್ವರ್ಡ್ ಕಟ್ಟಬೇಕು. ಮೂರೂ ಒಂದೇ ದಿನ ಆಗಬೇಕು. ಶುಕ್ರವಾರ ಮಧ್ಯಾಹ್ನ ಬೆಳೆಗಾರರಿಗೆ ಚೀಟಿ ಬರೆದು, ಬ್ಯಾಂಕಿಗೆ ಸೋಮವಾರ ಹೋದರಾಯಿತು ಎಂದರೆ ಆ ನಡುವಿನ ಏರಿಳಿತ ಸಂಘದ ಲೆಕ್ಕಕ್ಕೆ.